ಒಂದು ಒಗ್ಗರಣೆಯ ಲೆಕ್ಕ: ತುಪ್ಪ, ಬೆಣ್ಣೆ, ರಿಫೈಂಡ್ ಎಣ್ಣೆ

"ತುಪ್ಪ ಬಿಟ್ಟು ಆರು ತಿಂಗಳಾತ್ರೀ ಡಾಕ್ಟ್ರ. ಈಗ ಎಲ್ಲಾದಕ್ಕೂ ರಿಫೈಂಡ್ ಎಣ್ಣೀನ ಹಾಕತೀನಿ. ಆದ್ರೂ ತೂಕ ಇಳಿವಲ್ದು, ಎರಡು ಕಿಲೋ ಏರೇತಿ ನೋಡ್ರಿ."

ಮೋಟೆಬೆನ್ನೂರಿನ ಕಡೆಯ ಒಬ್ಬ ತಾಯಿ ನನ್ನ ದವಾಖಾನೆಯಲ್ಲಿ ಕುಳಿತು ಹೇಳಿದ ಮಾತಿದು. ವಯಸ್ಸು ಐವತ್ತರ ಹತ್ತಿರ, ಮೊಣಕಾಲು ನೋವು, ಮನೆಯಲ್ಲಿ ಐದು ಜನ. ತೂಕ ಇಳಿಸಿದರೆ ಮೊಣಕಾಲಿಗೆ ಹಗುರವಾಗುತ್ತದೆ ಎಂದು ನಾನೇ ಹೇಳಿದ್ದೆ. ಅವರು ಮೊದಲು ಕೈಬಿಟ್ಟದ್ದು ತುಪ್ಪವನ್ನು. ತುಪ್ಪ ಎಂದರೆ ಕೊಬ್ಬು, ಎಣ್ಣೆ ಎಂದರೆ ಹಗುರ ಎಂಬುದು ಅವರ ನಂಬಿಕೆ. ನೀವೂ ಹಾಗೆಯೇ ನಂಬಿರಬಹುದು. ಈ ನಂಬಿಕೆ ಎಲ್ಲಿ ತಪ್ಪುತ್ತದೆ ಎಂಬುದನ್ನು ಒಂದೇ ಒಂದು ಅಡುಗೆಯನ್ನು ಮುಂದಿಟ್ಟುಕೊಂಡು ನೋಡೋಣ. ಆ ಅಡುಗೆ ನಮ್ಮ ಮನೆಗಳಲ್ಲಿ ವಾರಕ್ಕೆ ನಾಲ್ಕು ದಿನವಾದರೂ ಆಗುವ ತೊಗರಿಬೇಳೆ ಮತ್ತು ಅದರ ಮೇಲೆ ಹಾಕುವ ಬಗಾರ್, ಅಂದರೆ ಒಗ್ಗರಣೆ.

ಗ್ರಾಂಗೆ ಒಂಬತ್ತು

ಆಹಾರದಿಂದ ದೇಹಕ್ಕೆ ಸಿಗುವ ಶಕ್ತಿಯನ್ನು ಕ್ಯಾಲರಿಯಲ್ಲಿ ಅಳೆಯುತ್ತೇವೆ. ಪ್ಯಾಕೆಟ್ ಮೇಲೆ ಕಿಲೋ ಕ್ಯಾಲರಿ ಎಂದು ಅಚ್ಚಾಗಿರುವುದನ್ನೇ ನಾವು ಮಾತಿನಲ್ಲಿ ಕ್ಯಾಲರಿ ಎನ್ನುತ್ತೇವೆ. ಅಕ್ಕಿ, ಜೋಳ, ಬೇಳೆಗಳಲ್ಲಿರುವ ಪಿಷ್ಟ ಮತ್ತು ಪ್ರೋಟೀನು ಗ್ರಾಂಗೆ ಸುಮಾರು 4 ಕ್ಯಾಲರಿ ಕೊಡುತ್ತವೆ. ಕೊಬ್ಬು ಗ್ರಾಂಗೆ ಸುಮಾರು 9 ಕ್ಯಾಲರಿ ಕೊಡುತ್ತದೆ. ಆ ಕೊಬ್ಬು ಎಮ್ಮೆಯ ಹಾಲಿನಿಂದ ಬಂದಿರಲಿ, ಸೂರ್ಯಕಾಂತಿ ಬೀಜದಿಂದ ಬಂದಿರಲಿ, ಶೇಂಗಾದಿಂದ ಬಂದಿರಲಿ, ಒಂಬತ್ತು ಒಂಬತ್ತೇ.

ಹಾಗಾಗಿ ನಾವು ಕೇಳಬೇಕಾದದ್ದು ಇಷ್ಟೇ: ಈ ಚಮಚದಲ್ಲಿ ಕೊಬ್ಬು ಎಷ್ಟು ಗ್ರಾಂ ಇದೆ? ರಿಫೈಂಡ್ ಎಣ್ಣೆ ಪೂರ್ತಿ ಕೊಬ್ಬು, 100 ಗ್ರಾಂಗೆ ಸುಮಾರು 900 ಕ್ಯಾಲರಿ. ಚೆನ್ನಾಗಿ ಕಾಸಿದ ತುಪ್ಪದಲ್ಲಿ ನೀರು ಇರುವುದೇ ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಅದೂ 900ರ ಹತ್ತಿರವೇ. ಅಂಗಡಿಯ ಬೆಣ್ಣೆಯಲ್ಲಿ ಮಾತ್ರ ಕೊಬ್ಬು ಸುಮಾರು 80 ಭಾಗ. ಉಳಿದದ್ದರಲ್ಲಿ ಹೆಚ್ಚಿನದು ನೀರು, ಸ್ವಲ್ಪ ಹಾಲಿನ ಅಂಶ. ಅದಕ್ಕೇ ಬೆಣ್ಣೆ 100 ಗ್ರಾಂಗೆ ಸುಮಾರು 720 ಕ್ಯಾಲರಿ. ಬೆಣ್ಣೆಯ ಕೊಬ್ಬು ಹಗುರವಲ್ಲ. ಅದರೊಳಗೆ ನೀರಿದೆ, ಅಷ್ಟೇ.

ಐದು ಜನರ ಬೇಳೆ

ಈಗ ಒಲೆಯ ಹತ್ತಿರ ಬನ್ನಿ. ಐದು ಜನಕ್ಕೆ 200 ಗ್ರಾಂ ತೊಗರಿಬೇಳೆ ತೆಗೆದುಕೊಂಡಿದ್ದೇವೆ. ಬೇಳೆಯಿಂದ ಸುಮಾರು 660 ಕ್ಯಾಲರಿ ಬರುತ್ತದೆ. ಒಂದು ಈರುಳ್ಳಿ, ಒಂದು ಟೊಮೆಟೊ ಸೇರಿ ಇನ್ನೊಂದು 40. ಒಗ್ಗರಣೆಗೆ ಮೊದಲು ಪಾತ್ರೆಯಲ್ಲಿ ಒಟ್ಟು 700, ಅಂದರೆ ತಲೆಗೆ 140 ಕ್ಯಾಲರಿ.

ಒಗ್ಗರಣೆಗೆ 5 ಮಿಲಿ ಹಿಡಿಯುವ ಚಮಚದಿಂದ, ಅಂಚಿಗೆ ಸಮನಾಗಿ ಮೂರು ಚಮಚ ಅಳೆದು ಹಾಕುತ್ತೇವೆ, ಅಂದರೆ 15 ಮಿಲಿ. ಮೂರು ಬಗೆಯಲ್ಲಿ ಲೆಕ್ಕ ಹೀಗೆ ಬರುತ್ತದೆ:

ತುಪ್ಪ: ಸುಮಾರು 13.5 ಗ್ರಾಂ, 120 ಕ್ಯಾಲರಿ. ತಲೆಗೆ 24.

ರಿಫೈಂಡ್ ಎಣ್ಣೆ: ಸುಮಾರು 13.7 ಗ್ರಾಂ, 123 ಕ್ಯಾಲರಿ. ತಲೆಗೆ 25ಕ್ಕೆ ತುಸು ಕಡಿಮೆ.

ಬೆಣ್ಣೆ: ಸುಮಾರು 14 ಗ್ರಾಂ, 100 ಕ್ಯಾಲರಿ. ತಲೆಗೆ 20.

ತುಪ್ಪಕ್ಕೂ ಎಣ್ಣೆಗೂ ವ್ಯತ್ಯಾಸ ಒಬ್ಬರ ತಟ್ಟೆಯಲ್ಲಿ ಒಂದು ಕ್ಯಾಲರಿಯೂ ಇಲ್ಲ. ಬೆಣ್ಣೆಗೂ ಉಳಿದೆರಡಕ್ಕೂ ನಾಲ್ಕೈದು ಕ್ಯಾಲರಿ. ಒಂದು ಸಾಧಾರಣ ಜೋಳದ ರೊಟ್ಟಿ 170ರಿಂದ 200 ಕ್ಯಾಲರಿ ಇರುತ್ತದೆ. ನಾಲ್ಕೈದು ಕ್ಯಾಲರಿ ಎಂದರೆ ಆ ರೊಟ್ಟಿಯ ಅಂಚಿನಿಂದ ಮುರಿದ ಒಂದು ಸಣ್ಣ ಚೂರು. ಅಳತೆ ಒಂದೇ ಆಗಿದ್ದರೆ, ತುಪ್ಪ ಬಿಟ್ಟು ಎಣ್ಣೆ ಹಿಡಿದದ್ದರಿಂದ ತೂಕ ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ಹಾಗಾದರೆ ಆ ತಾಯಿಯ ಎರಡು ಕಿಲೋ ಎಲ್ಲಿಂದ ಬಂತು?

ಚಮಚದಿಂದ ಡಬ್ಬಿಗೆ

"ಆಪಾ, ತುಪ್ಪ ಹಾಕುವಾಗ ಎಷ್ಟು ಹಾಕ್ತಿದ್ರಿ?" ಎಂದು ಕೇಳಿದೆ. "ಎರಡು ಚಮಚರೀ, ತುಪ್ಪ ತುಟ್ಟಿ ಅಲ್ರೀ" ಎಂದರು. "ಈಗ ಎಣ್ಣೆ?" ಎಂದರೆ ಉತ್ತರ ಬರಲಿಲ್ಲ. ಕೈಯನ್ನು ಓರೆ ಮಾಡಿ, ಡಬ್ಬಿ ಬಗ್ಗಿಸಿದ ಹಾಗೆ ತೋರಿಸಿದರು.

ಸಫೂಫ್, ಅಂದರೆ ಪುಡಿ ಔಷಧಿ ತೂಗಲು ನನ್ನ ಬಳಿ ಒಂದು ಎಲೆಕ್ಟ್ರಾನಿಕ್ ತಕ್ಕಡಿ ಇದೆ. ಒಂದು ಸಣ್ಣ ಬಾಟಲಿಯಲ್ಲಿ ಎಣ್ಣೆ ತುಂಬಿ ತರಲು ಹೇಳಿ, ಅದನ್ನು ತೂಗಿ ಕೊಟ್ಟೆ. ಎರಡು ಸಲದ ಬೇಳೆಗೆ ಇದರಿಂದಲೇ, ದಿನಾ ಹಾಕುವಷ್ಟೇ ಹಾಕಿ, ಬಾಟಲಿ ಮತ್ತೆ ತನ್ನಿ ಎಂದೆ. ತಂದಾಗ ತೂಕ 100 ಗ್ರಾಂ ಕಡಿಮೆಯಾಗಿತ್ತು. ಅಂದರೆ ಒಂದು ಒಗ್ಗರಣೆಗೆ 50 ಗ್ರಾಂ, 450 ಕ್ಯಾಲರಿ, ತಲೆಗೆ 90.

ಮೊದಲಿನ ತುಪ್ಪವೂ ಅವರು ಹೇಳಿದ ಎರಡು ಚಮಚವಾಗಿರಲಿಲ್ಲ. ತುಪ್ಪ ಗಟ್ಟಿಯಾಗಿದ್ದಾಗ ಚಮಚದ ಮೇಲೆ ಗುಡ್ಡೆಯಾಗಿ ಏಳುತ್ತದೆ. ಸಮನಾದ ಚಮಚದಲ್ಲಿ ನಾಲ್ಕೂವರೆ ಗ್ರಾಂ ಇದ್ದರೆ, ಗುಡ್ಡೆ ಚಮಚದಲ್ಲಿ ಅದರ ಎರಡರಷ್ಟು ಬರುತ್ತದೆ. ಹಾಗೆ ಲೆಕ್ಕ ಹಿಡಿದರೂ ಎರಡು ಚಮಚ ಎಂದರೆ 18 ಗ್ರಾಂ, ಸುಮಾರು 160 ಕ್ಯಾಲರಿ, ತಲೆಗೆ 32.

32 ಹೋಗಿ 90 ಬಂತು. ಒಂದು ಊಟಕ್ಕೆ 58 ಕ್ಯಾಲರಿ ಹೆಚ್ಚು. ಮಧ್ಯಾಹ್ನ, ರಾತ್ರಿ ಎರಡೂ ಹೊತ್ತು ಸೇರಿದರೆ ದಿನಕ್ಕೆ 116, ತಿಂಗಳಿಗೆ ಸುಮಾರು ಮೂರೂವರೆ ಸಾವಿರ. ದೇಹದಲ್ಲಿ ಒಂದು ಕಿಲೋ ಕೊಬ್ಬು ಕೂಡಲು ಸುಮಾರು 7,700 ಕ್ಯಾಲರಿ ಹೆಚ್ಚುವರಿ ಬೇಕು ಎಂಬುದು ನಾವು ವೈದ್ಯರು ಬಳಸುವ ಅಂದಾಜು. ಆ ಅಂದಾಜಿನಂತೆ ತಿಂಗಳಿಗೆ 450 ಗ್ರಾಂ. ಇದು ಕಾಗದದ ಮೇಲಿನ ಲೆಕ್ಕ. ಸ್ವಲ್ಪ ಎಣ್ಣೆ ಪಾತ್ರೆಗೇ ಅಂಟಿ ಉಳಿಯುತ್ತದೆ, ಎಲ್ಲರೂ ಸಮನಾಗಿ ಬಡಿಸಿಕೊಳ್ಳುವುದಿಲ್ಲ, ದೇಹವೂ ಸ್ವಲ್ಪ ಹೊಂದಿಕೊಳ್ಳುತ್ತದೆ. ಆದರೂ ಆರು ತಿಂಗಳಲ್ಲಿ ಎರಡು ಕಿಲೋ ಏರಿದ್ದಕ್ಕೆ ಬೇರೆ ಕಾರಣ ಹುಡುಕುವ ಮೊದಲು ಈ ಡಬ್ಬಿಯನ್ನು ನೋಡಲೇಬೇಕು. ತುಪ್ಪ ತುಟ್ಟಿಯೆಂದು ಕೈ ತಾನೇ ಬಿಗಿಯಾಗಿತ್ತು. ಎಣ್ಣೆ ಹಗುರ ಎಂದುಕೊಂಡ ಮೇಲೆ ಕೈ ಸಡಿಲವಾಯಿತು.

ಪ್ಯಾಕೆಟ್ ಓದುವವರೂ ಒಂದು ಕಡೆ ಎಡವುತ್ತಾರೆ. ಎಣ್ಣೆಯನ್ನು ಲೀಟರಿನಲ್ಲಿ ಮಾರುತ್ತಾರೆ, ಒಂದು ಲೀಟರ್ ಎಣ್ಣೆಯ ತೂಕ ಸುಮಾರು 910 ಗ್ರಾಂ. ಶಕ್ತಿಯ ಅಂಕಿಯನ್ನು 100 ಮಿಲಿಗೆ ಕೊಟ್ಟಿದ್ದರೆ 820ರ ಆಸುಪಾಸು ಕಾಣುತ್ತದೆ, 100 ಗ್ರಾಂಗೆ ಕೊಟ್ಟಿದ್ದರೆ 900. ತುಪ್ಪದ ಡಬ್ಬಿಯ ಮೇಲೆ 900 ನೋಡಿ, ಎಣ್ಣೆಯ ಮೇಲೆ 820 ನೋಡಿ, ಎಣ್ಣೆಯೇ ಕಡಿಮೆ ಎನ್ನಬೇಡಿ. ಅಳತೆ ಬೇರೆ, ಪದಾರ್ಥದ ಶಕ್ತಿ ಒಂದೇ. 'ಕೊಲೆಸ್ಟರಾಲ್ ಇಲ್ಲ' ಎಂಬ ಬರಹಕ್ಕೂ ಕ್ಯಾಲರಿಗೂ ಸಂಬಂಧವಿಲ್ಲ. ಬೀಜದಿಂದ ತೆಗೆದ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟರಾಲ್ ಇರುವುದಿಲ್ಲ.

ಬೆಣ್ಣೆ ಬಾಣಲೆಗೆ ಬಿದ್ದಾಗ

ಹಾಗಾದರೆ ಬೆಣ್ಣೆಯಲ್ಲೇ ಒಗ್ಗರಣೆ ಹಾಕಿ ಆ ನಾಲ್ಕೈದು ಕ್ಯಾಲರಿ ಉಳಿಸೋಣವೇ? ಬೆಣ್ಣೆ ಬಿಸಿಯಾಗುವಾಗ ಏನಾಗುತ್ತದೆ ನೋಡಿ. ಬೆಣ್ಣೆ ಕರಗಿ ನೊರೆ ಬರುತ್ತದೆ, ಚುರ್ ಎನ್ನುತ್ತದೆ. ಆ ಸದ್ದು ನೀರು ಆವಿಯಾಗುವ ಸದ್ದು. ನೀರು ಇರುವ ತನಕ ಬೆಣ್ಣೆಯ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ, ಸಾಸಿವೆ ಸಿಡಿಯುವುದಿಲ್ಲ. ನೀರು ಮುಗಿದು ಸದ್ದು ನಿಂತ ಮೇಲೆ ಬಿಸಿ ಏರುತ್ತದೆ. ಆದರೆ ಆಗಲೇ ತಳದಲ್ಲಿ ಉಳಿದ ಹಾಲಿನ ಅಂಶ ಕೆಂಪಗಾಗಲು ಶುರುವಾಗಿರುತ್ತದೆ. 150 ಡಿಗ್ರಿ ದಾಟಿದರೆ ಕಪ್ಪಾಗಿ ಕಹಿಯಾಗುತ್ತದೆ. ತುಪ್ಪದಲ್ಲಿ ಈ ಅಂಶವನ್ನು ಮೊದಲೇ ಸೋಸಿ ತೆಗೆದಿರುವುದರಿಂದ ಅದು 200 ಡಿಗ್ರಿ ದಾಟಿದರೂ ತಡೆಯುತ್ತದೆ. ರಿಫೈಂಡ್ ಎಣ್ಣೆಯೂ ಹಾಗೆಯೇ.

ಬೆಣ್ಣೆ ಸೀಯುವುದನ್ನು ಒಮ್ಮೆ ನೋಡಿದವರು ಮುಂದಿನ ಸಲ ಏನು ಮಾಡುತ್ತಾರೆ? ಮೊದಲು ಎಣ್ಣೆ ಹಾಕಿ ಸಾಸಿವೆ ಸಿಡಿಸಿ, ಆಮೇಲೆ ರುಚಿಗೆಂದು ಬೆಣ್ಣೆಯನ್ನೂ ಹಾಕುತ್ತಾರೆ. ಉಳಿಸಲು ಹೊರಟದ್ದು ಇಪ್ಪತ್ತು ಕ್ಯಾಲರಿ, ಕೂಡಿದ್ದು ನೂರು.

ಇನ್ನು ಮನೆಯಲ್ಲಿ ಕಡೆದು ತೆಗೆದ ಬೆಣ್ಣೆಯಲ್ಲಿ ನೀರು ಎಷ್ಟಿದೆ ಎಂದು ನೋಡಿದರೆ ತಿಳಿಯುವುದಿಲ್ಲ. ಸರಿಯಾಗಿ ಹಿಂಡದಿದ್ದರೆ ಅಂಗಡಿಯದಕ್ಕಿಂತ ಹೆಚ್ಚಿರುತ್ತದೆ. ತಿಳಿಯಬೇಕಾದರೆ ತೂಗಿ ಕಾಸಿ ನೋಡಿ. 100 ಗ್ರಾಂ ಬೆಣ್ಣೆ ಕಾಸಿ ಸೋಸಿದಾಗ 75ರಿಂದ 80 ಗ್ರಾಂ ತುಪ್ಪ ಬಂದರೆ ಬೆಣ್ಣೆ ಗಟ್ಟಿಯಾದದ್ದು. ಬಹಳ ಕಡಿಮೆ ಬಂದರೆ ನೀವು ತೂಗಿದ್ದರಲ್ಲಿ ನೀರಿನ ಪಾಲು ದೊಡ್ಡದು. ನೀರಿಗೆ ಕ್ಯಾಲರಿ ಇಲ್ಲ ನಿಜ, ಅದು ಒಗ್ಗರಣೆಯ ಕೆಲಸಕ್ಕೂ ಬರುವುದಿಲ್ಲ. ರಕ್ತದೊತ್ತಡ ಇರುವವರು ಅಂಗಡಿಯ ಹಳದಿ ಬೆಣ್ಣೆಯಲ್ಲಿ ಉಪ್ಪು ಸೇರಿದೆಯೇ ಎಂದು ನೋಡಬೇಕು. ಸೇರಿದ್ದರೆ ಬೇಳೆಗೆ ಹಾಕುವ ಉಪ್ಪನ್ನು ಅಷ್ಟು ಕಡಿಮೆ ಮಾಡಬೇಕು.

ಎಣ್ಣೆ ಹೆಚ್ಚು ಬೇಡುವುದು ಬಾಣಲೆ

"ಮೂರು ಚಮಚದಾಗ ಒಗ್ಗರಣೆ ಆಗೂದಿಲ್ರೀ, ಸಾಸಿವಿ ಸೀದು ಹೋಗತೈತಿ" ಎಂದು ಆ ತಾಯಿ ಹೇಳಿದರು. ಅವರ ಮಾತು ಸುಳ್ಳಲ್ಲ. ಅವರು ಒಗ್ಗರಣೆ ಹಾಕುತ್ತಿದ್ದದ್ದು ಅಗಲ ಬಾಣಲೆಯಲ್ಲಿ. ಅಗಲ ತಳದಲ್ಲಿ 15 ಮಿಲಿ ಎಣ್ಣೆ ತೆಳ್ಳಗೆ ಹರಡಿ ಬಿಡುತ್ತದೆ. ಸಾಸಿವೆ, ಜೀರಿಗೆ ಅದರಲ್ಲಿ ಮುಳುಗುವುದಿಲ್ಲ, ಒಣ ಲೋಹಕ್ಕೆ ತಾಗಿ ಸೀಯುತ್ತವೆ. ಸೀಯಬಾರದೆಂದು ಕೈ ಇನ್ನಷ್ಟು ಸುರಿಯುತ್ತದೆ.

ಅದೇ 15 ಮಿಲಿಯನ್ನು ಸಣ್ಣ ಒಗ್ಗರಣೆ ಸೌಟಿನಲ್ಲಿ ಹಾಕಿ. ತಳ ಕಿರಿದು, ಎಣ್ಣೆ ಆಳವಾಗಿ ನಿಲ್ಲುತ್ತದೆ, ಸಾಸಿವೆ ಮುಳುಗಿ ಸಿಡಿಯುತ್ತದೆ. ಎರಡು ಚಮಚದಲ್ಲೂ ಕೆಲಸ ಆಗುತ್ತದೆ. ಈರುಳ್ಳಿ, ಟೊಮೆಟೊಗಳನ್ನು ಬೇಳೆಯ ಜೊತೆಗೇ ಬೇಯಿಸಿಬಿಡಿ. ಅವನ್ನು ಹುರಿಯಲು ಹೋದರೆ ಅಗಲ ಪಾತ್ರೆಯೂ ಹೆಚ್ಚು ಎಣ್ಣೆಯೂ ಬೇಕಾಗುತ್ತದೆ. ಒಗ್ಗರಣೆ ಸುರಿದ ಮೇಲೆ ಒಂದು ಸೌಟು ಬೇಳೆಯನ್ನು ಅದೇ ಒಗ್ಗರಣೆ ಸೌಟಿಗೆ ಹಾಕಿ ತೊಳೆದು ಪಾತ್ರೆಗೆ ಹಾಕಿ, ಅಂಟಿದ ವಾಸನೆ, ರುಚಿ ಎಲ್ಲ ಬೇಳೆಗೇ ಬರುತ್ತದೆ.

ಇನ್ನೊಂದು ಕಾರಣ ಬಣ್ಣ. ಬೇಳೆಯ ಮೇಲೆ ಕೆಂಪು ತೇಲದಿದ್ದರೆ ನಮ್ಮ ಕಡೆ ಅದು ಊಟವೇ ಅಲ್ಲ ಎನ್ನುವವರಿದ್ದಾರೆ. ಆ ಕೆಂಪು ಎಣ್ಣೆಯದಲ್ಲ, ಮೆಣಸಿನಕಾಯಿಯದು. 2011ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಬ್ಯಾಡಗಿ ಮೆಣಸಿನಕಾಯಿ ಹೆಸರಾದದ್ದೇ ಬಣ್ಣಕ್ಕೆ, ಖಾರಕ್ಕಲ್ಲ. ಈ ಬಣ್ಣ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಅದಕ್ಕೇ ಒಗ್ಗರಣೆಗೆ ಕೊಬ್ಬು ಬೇಕೇ ಬೇಕು. ಆದರೆ ಎರಡು ಚಮಚ ಕೊಬ್ಬು ಒಂದು ಚಿಕ್ಕ ಚಮಚ ಬ್ಯಾಡಗಿ ಪುಡಿಯ ಬಣ್ಣವನ್ನು ಎಳೆದುಕೊಂಡು ಪಾತ್ರೆಯ ತುಂಬ ಹರಡಲು ಸಾಕು. ಅದರ ಮೇಲೆ ಹಾಕುವ ಎಣ್ಣೆಯಿಂದ ಬಣ್ಣ ಹೆಚ್ಚುವುದಿಲ್ಲ, ತೇಲುವ ಪದರ ದಪ್ಪವಾಗುತ್ತದೆ ಅಷ್ಟೇ. ಪುಡಿ ಹಾಕುವಾಗ ಮಾತ್ರ ಸೌಟನ್ನು ಉರಿಯಿಂದ ಇಳಿಸಿರಬೇಕು. ಉರಿಯ ಮೇಲಿದ್ದರೆ ಪುಡಿ ಕ್ಷಣದಲ್ಲಿ ಸೀದು ಕಂದಾಗುತ್ತದೆ. ಆಗ ಬಣ್ಣ ಬರಲಿಲ್ಲವೆಂದು ಮುಂದಿನ ಸಲ ಎಣ್ಣೆ ಹೆಚ್ಚುತ್ತದೆ.

ಕ್ಯಾಲರಿ ಒಂದೇ, ಹೃದಯಕ್ಕೆ ಒಂದೇ ಅಲ್ಲ

ಇಷ್ಟು ಓದಿ, ಹಾಗಾದರೆ ತುಪ್ಪವೂ ಎಣ್ಣೆಯೂ ಒಂದೇ ಎಂದು ತೀರ್ಮಾನಿಸಬೇಡಿ. ತೂಕದ ಲೆಕ್ಕದಲ್ಲಿ ಒಂದೇ. ರಕ್ತನಾಳಗಳ ಲೆಕ್ಕ ಬೇರೆ. ತುಪ್ಪದಲ್ಲಿ ನೂರಕ್ಕೆ ಅರವತ್ತರಷ್ಟು ಅಥವಾ ತುಸು ಹೆಚ್ಚು ಸ್ಯಾಚುರೇಟೆಡ್ ಕೊಬ್ಬು ಇರುತ್ತದೆ. ಇದು ತಂಪಿನಲ್ಲಿ ಗಟ್ಟಿಯಾಗುವ ಜಾತಿಯ ಕೊಬ್ಬು, ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲನ್ನು ಏರಿಸುತ್ತದೆ. ಬೆಣ್ಣೆಯಲ್ಲಿ ಇದು ಐವತ್ತರ ಆಸುಪಾಸು, ಸೂರ್ಯಕಾಂತಿ ಎಣ್ಣೆಯಲ್ಲಿ ಸುಮಾರು ಹತ್ತು, ಶೇಂಗಾ ಎಣ್ಣೆಯಲ್ಲಿ ಇಪ್ಪತ್ತರೊಳಗೆ. ಪಾಮ್ ಎಣ್ಣೆ ಬೀಜದ್ದಲ್ಲ, ಹಣ್ಣಿನದು. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಈ ಜಾತಿಯದೇ. ಆದ್ದರಿಂದ 'ರಿಫೈಂಡ್' ಎಂಬ ಒಂದು ಮಾತು ನೋಡಿ ಕೊಳ್ಳಬೇಡಿ. ಯಾವುದರ ಎಣ್ಣೆ ಎಂದು ಓದಿ.

ನಮ್ಮ ಬೇಳೆಗೆ ಮೂರು ಚಮಚ ತುಪ್ಪ ಹಾಕಿದರೆ ಐವರಿಗೂ ಸೇರಿ ಸುಮಾರು 8 ಗ್ರಾಂ ಸ್ಯಾಚುರೇಟೆಡ್ ಕೊಬ್ಬು, ತಲೆಗೆ ಒಂದೂವರೆ ಗ್ರಾಂಗೆ ತುಸು ಹೆಚ್ಚು. ದಿನಕ್ಕೆ 2,000 ಕ್ಯಾಲರಿ ಉಣ್ಣುವವರಿಗೆ ಸುಮಾರು 22 ಗ್ರಾಂ ಮಿತಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಿಂದ ಬರುವ ಲೆಕ್ಕ. ಆರೋಗ್ಯವಂತರಿಗೆ ಬೇಳೆಯ ಮೇಲಿನ ತುಪ್ಪ ಹೆದರುವಂಥದ್ದಲ್ಲ. ಆದರೆ ಅದೇ ದಿನ ಕುರಿ ಮಾಂಸ, ಕೆನೆ ಹಾಲಿನ ಚಹಾ, ತುಪ್ಪದ ಅನ್ನ ಎಲ್ಲ ಇದ್ದರೆ ಅವೆಲ್ಲ ಒಂದೇ ಖಾತೆಗೆ ಜಮೆಯಾಗುತ್ತವೆ. ಹೃದಯದ ತೊಂದರೆ ಇರುವವರು, ಕೆಟ್ಟ ಕೊಲೆಸ್ಟರಾಲ್ ಹೆಚ್ಚಿರುವವರು ಒಗ್ಗರಣೆಗೆ ಸೂರ್ಯಕಾಂತಿ ಅಥವಾ ಶೇಂಗಾ ಎಣ್ಣೆಯನ್ನೇ ಬಳಸಲಿ, ಅದೂ ಚಮಚದಲ್ಲಿ ಅಳೆದು. ವನಸ್ಪತಿಯೂ ಗ್ರಾಂಗೆ ಒಂಬತ್ತು ಕ್ಯಾಲರಿಯೇ. ಅದನ್ನು ತುಪ್ಪದ ಜಾಗಕ್ಕೆ ತಂದರೆ ಕ್ಯಾಲರಿಯೂ ಉಳಿಯುವುದಿಲ್ಲ, ಹೃದಯಕ್ಕೂ ಒಳಿತಿಲ್ಲ.

ಯುನಾನಿಯಲ್ಲಿ ತುಪ್ಪವನ್ನು ರೋಗನ್ ಜರ್ದ್ ಎನ್ನುತ್ತೇವೆ. ಇತ್ರೀಫಲ್ ತಯಾರಿಸುವಾಗ ಅಳಲೆಕಾಯಿಯ ಪುಡಿಗೆ ಬಾದಾಮಿ ಎಣ್ಣೆ ಅಥವಾ ತುಪ್ಪ ಸವರಿ ಹದ ಮಾಡುವ ಕ್ರಮವಿದೆ. ಅದನ್ನು 'ಚರ್ಬ್ ಮಾಡುವುದು' ಎನ್ನುತ್ತಾರೆ. ಪುಡಿಗೆ ಜಿಡ್ಡು ಹಿಡಿಯಬೇಕು, ಅದರಲ್ಲಿ ಪುಡಿ ತೇಲಬಾರದು. ಒಗ್ಗರಣೆಗೂ ಅದೇ ಹದ ಸಾಕು.

ನಿಮ್ಮ ಮನೆಯ ಚಮಚ

ಈ ವಾರ ನಿಮ್ಮ ಮನೆಯಲ್ಲೇ ಪರೀಕ್ಷಿಸಿ. ಕೆಮ್ಮಿನ ಔಷಧಿ ಅಥವಾ ಶರಬತ್ತಿನ ಬಾಟಲಿಯ ಜೊತೆ ಬರುವ ಅಳತೆಯ ಮುಚ್ಚಳ ತೆಗೆದುಕೊಳ್ಳಿ. ಅದರಲ್ಲಿ 5 ಮಿಲಿ ಗೆರೆಯವರೆಗೆ ನೀರು ತುಂಬಿ, ನೀವು ಒಗ್ಗರಣೆಗೆ ಬಳಸುವ ಚಮಚಕ್ಕೆ ಸುರಿಯಿರಿ. ಚಮಚ ತುಂಬಿದರೆ ಅದು 5 ಮಿಲಿ ಚಮಚ, ಎಣ್ಣೆಯಾದರೆ 41 ಕ್ಯಾಲರಿ. ಎರಡು ಮುಚ್ಚಳ ಹಿಡಿದರೆ 82. ಊಟದ ಚಮಚಗಳು ಹಲವು ಮನೆಗಳಲ್ಲಿ ಹೀಗೆ ಎರಡರಷ್ಟೇ ಹಿಡಿಯುತ್ತವೆ. ಆ ಚಮಚವನ್ನು ಎಣ್ಣೆ ಡಬ್ಬಿಯ ಪಕ್ಕದಲ್ಲೇ ಇಡಿ. ತುಪ್ಪ ಗಟ್ಟಿಯಾಗಿದ್ದರೆ ಡಬ್ಬಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ ಅಳೆಯಿರಿ, ಗುಡ್ಡೆ ಏಳುವುದಿಲ್ಲ.

ತಿಂಗಳ ಕೊನೆಗೆ ಖಾಲಿ ಪ್ಯಾಕೆಟ್‌ಗಳನ್ನೂ ಎಣಿಸಿ. ಹಗುರ ಕೆಲಸದ ವಯಸ್ಕರಿಗೆ ಅಡುಗೆಯ ಕೊಬ್ಬು ದಿನಕ್ಕೆ 25 ಗ್ರಾಂ ಆಸುಪಾಸು ಸಾಕು ಎಂಬುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗದರ್ಶನಕ್ಕೆ ಹತ್ತಿರದ ಲೆಕ್ಕ. ಐದು ಜನಕ್ಕೆ ತಿಂಗಳಿಗೆ ಅದು ಪೌಣೆ ನಾಲ್ಕು ಕಿಲೋ, ಅಂದರೆ ಎಣ್ಣೆ, ತುಪ್ಪ, ಬೆಣ್ಣೆ ಎಲ್ಲ ಸೇರಿ ಸುಮಾರು 4 ಲೀಟರ್. ನಿಮ್ಮ ಮನೆಯಲ್ಲಿ ಆರು, ಏಳು ಆಗುತ್ತಿದ್ದರೆ ಯಾವ ಎಣ್ಣೆ ಎಂದು ಕೇಳುವ ಮೊದಲು ಎಷ್ಟು ಎಣ್ಣೆ ಎಂದು ಕೇಳಿಕೊಳ್ಳಿ.

ಆ ತಾಯಿಗೆ ನಾನು ತುಪ್ಪವನ್ನು ಪೂರ್ತಿ ಬಿಡಲು ಹೇಳಲಿಲ್ಲ. ಅವರ ಕೊಲೆಸ್ಟರಾಲ್ ವರದಿ ಸರಿಯಾಗಿತ್ತು. ಸಣ್ಣ ಸೌಟಿನಲ್ಲಿ ಒಂದು ಚಮಚ ಎಣ್ಣೆ ಹಾಕಿ ಸಾಸಿವೆ, ಜೀರಿಗೆ, ಬೆಳ್ಳುಳ್ಳಿ ಸಿಡಿಸಿ, ಇಳಿಸಿ, ಬ್ಯಾಡಗಿ ಪುಡಿ ಹಾಕಿ ಬೇಳೆಗೆ ಸುರಿಯಿರಿ. ಒಲೆ ಆರಿಸಿದ ಮೇಲೆ ಒಂದು ಚಮಚ ತುಪ್ಪ ಮೇಲಿನಿಂದ ಹಾಕಿ ಮುಚ್ಚಿಡಿ ಎಂದೆ. ಕೊನೆಗೆ ಹಾಕಿದ ತುಪ್ಪದ ಪರಿಮಳ ಉರಿಯಲ್ಲಿ ಹಾರಿ ಹೋಗುವುದಿಲ್ಲ, ಒಂದೇ ಚಮಚದಲ್ಲಿ ಇಡೀ ಪಾತ್ರೆ ಘಮಘಮಿಸುತ್ತದೆ. ಎರಡೂ ಸೇರಿ 81 ಕ್ಯಾಲರಿ, ತಲೆಗೆ 16. ಮೊದಲಿನ 90 ಎಲ್ಲಿ, ಈ 16 ಎಲ್ಲಿ!

ಹದಿನೈದು ದಿನದ ಮೇಲೆ ಮೊಣಕಾಲಿನ ಔಷಧಿಗೆ ಬಂದಾಗ ತೂಕದ ಮಾತು ಎತ್ತಲಿಲ್ಲ, ಅಷ್ಟು ಬೇಗ ಅದು ತಿಳಿಯುವಂಥದ್ದೂ ಅಲ್ಲ. ಅವರು ಹೇಳಿದ್ದು ಬೇರೆ: "ಎಣ್ಣಿ ಪಾಕೀಟು ಈ ಸಲ ಇನ್ನೂ ಅರ್ಧ ಐತ್ರೀ. ಬ್ಯಾಳಿ ರುಚಿ ಹಂಗ ಐತಿ, ತುಪ್ಪದ ವಾಸನಿ ಬಂತಂತ ನಮ್ಮನಿಯವ್ರಿಗೆ ಖುಷಿ."